ಬೊಗಳುವ ಕೆಮ್ಮು, ಕೆಮ್ಮೇ ಇಲ್ಲದ ಮಗು

ಇಬ್ಬರು ಮಕ್ಕಳನ್ನು ಊಹಿಸಿಕೊಳ್ಳಿ. ಮೊದಲನೆಯದಕ್ಕೆ ಒಂದೂವರೆ ವರ್ಷ, ಎರಡು ದಿನದಿಂದ ನೆಗಡಿ, ಸ್ವಲ್ಪ ಮೈ ಬಿಸಿ. ನಡುರಾತ್ರಿ ಎದ್ದು ನಾಯಿ ಬೊಗಳಿದ ಹಾಗೆ ಕೆಮ್ಮುತ್ತದೆ, ದನಿ ಒಡೆದಿದೆ, ಅಳುವಾಗ ಉಸಿರು ಒಳಗೆಳೆದುಕೊಂಡರೆ ಗೊರ್ ಅನ್ನುವ ಸದ್ದು. ಈ ಸದ್ದೇ ಸ್ಟ್ರೈಡರ್.

ಎರಡನೆಯದಕ್ಕೆ ಮೂರು ವರ್ಷ. ಬೆಳಿಗ್ಗೆ ಚೆನ್ನಾಗಿಯೇ ಆಡಿಕೊಂಡಿತ್ತು, ಸಂಜೆಗೆ ಜ್ವರ 40 ಡಿಗ್ರಿ ಸೆಲ್ಸಿಯಸ್. ಕೆಮ್ಮು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬಾಯಲ್ಲಿ ತುತ್ತು ಇಟ್ಟುಕೊಂಡವರ ಹಾಗೆ ಮಾತಾಡುತ್ತದೆ, ಎಂಜಲು ನುಂಗಲಾಗದೆ ಜೊಲ್ಲು ಸುರಿಯುತ್ತಿದೆ, ಮಲಗಿಸಿದರೆ ಎದ್ದು ಕೈಯೂರಿ ಗದ್ದ ಮುಂದೆ ಚಾಚಿ ಕೂರುತ್ತದೆ. ಸದ್ದು ಕಡಿಮೆ. ಮನೆಯವರಿಗೆ ಮೊದಲನೆಯ ಮಗು ನೋಡಿದರೆ ಜಾಸ್ತಿ ಭಯ ಆಗುತ್ತದೆ, ಆದರೆ ಜೀವ ಅಪಾಯದಲ್ಲಿರುವುದು ಈ ಎರಡನೆಯದರದ್ದು.

ಮೊದಲನೆಯದು ಕ್ರೂಪ್, ಎರಡನೆಯದು ಎಪಿಗ್ಲಾಟೈಟಿಸ್. ಕ್ರೂಪ್‌ನಲ್ಲಿ ಊತ ಬರುವುದು ಧ್ವನಿತಂತುಗಳಲ್ಲಿ ಮತ್ತು ಅದರ ಸ್ವಲ್ಪ ಕೆಳಗೆ, ಅದಕ್ಕೇ ಕೆಮ್ಮೂ ದನಿಯೂ ಕೆಡುತ್ತವೆ. ಅಲ್ಲಿ ಸುತ್ತಲೂ ಮೃದ್ವಸ್ಥಿಯ ಉಂಗುರವಿದೆ, ಊತ ಹೊರಗೆ ಹಿಗ್ಗಲಾರದು, ಒಳಗೇ ಬರಬೇಕು. 4 ಮಿಲಿಮೀಟರ್ ಅಗಲದ ದಾರಿಯಲ್ಲಿ ಸುತ್ತಲೂ 1 ಮಿಲಿಮೀಟರ್ ಊದಿದರೆ ಉಳಿಯುವ ಜಾಗ ಕಾಲು ಭಾಗ ಮಾತ್ರ. ದೊಡ್ಡವರ ಅಗಲವಾದ ಗಂಟಲಲ್ಲಿ ಇಷ್ಟೇ ಊತ ಗೊತ್ತೂ ಆಗದೆ ಹೋಗಬಹುದು. ಎಪಿಗ್ಲಾಟೈಟಿಸ್‌ನಲ್ಲಿ ಊದುವುದು ಧ್ವನಿತಂತುಗಳ ಮೇಲಿರುವ ಮುಚ್ಚಳ, ಊಟ ಶ್ವಾಸನಾಳಕ್ಕೆ ಇಳಿಯದ ಹಾಗೆ ತಡೆಯುವ ಎಪಿಗ್ಲಾಟಿಸ್. ಹಾಗಾಗಿ ನುಂಗುವುದೇ ಕಷ್ಟ. ಅದು ಕೆಲವೇ ಗಂಟೆಗಳಲ್ಲಿ ಊದಿ ದಾರಿಯನ್ನೇ ಮುಚ್ಚಿಬಿಡಬಲ್ಲದು.

ಹಿಂದೆ ಈ ಗೊಂದಲ ಇನ್ನೂ ದೊಡ್ಡದಿತ್ತು, ಗಂಟಲುಮಾರಿ ಅಂದರೆ ಡಿಫ್ತೀರಿಯಾವನ್ನೂ ಕ್ರೂಪ್ ಅಂತಲೇ ಕರೆಯುತ್ತಿದ್ದರು. ಡಿಫ್ತೀರಿಯಾ ಬೇರೆಯಾಗಿ ನಿಂತ ಮೇಲೆ ಉಳಿದದ್ದರಲ್ಲಿ ಹೆಚ್ಚಿನದು ವೈರಸ್‌ನದು ಅಂತ ತಿಳಿಯಲು ಬಹಳ ಕಾಲ ಹಿಡಿಯಿತು. ಕ್ರೂಪ್ ಬಂದ ಮಕ್ಕಳಲ್ಲಿ ಅಮೆರಿಕದ ವೈರಸ್ ತಜ್ಞ ರಾಬರ್ಟ್ ಚಾನಕ್ ಹೊಸ ವೈರಸ್ ಕಂಡದ್ದು 1956ರಲ್ಲಿ, ಈಗ ಅದು ಪ್ಯಾರಾಇನ್‌ಫ್ಲುಯೆಂಜಾ ಗುಂಪಿನದು.

ಲಸಿಕೆ ಬರುವ ಮುಂಚೆ ಮಕ್ಕಳ ಎಪಿಗ್ಲಾಟೈಟಿಸ್‌ನ ಬಹುಪಾಲು ಒಂದೇ ಬ್ಯಾಕ್ಟೀರಿಯಾದ ಕೆಲಸವಾಗಿತ್ತು: ಹಿಮೋಫಿಲಸ್ ಇನ್‌ಫ್ಲುಯೆಂಜೇ ಟೈಪ್ ಬಿ, ಚಿಕ್ಕದಾಗಿ ಹಿಬ್. 1892ರಲ್ಲಿ ಜರ್ಮನಿಯ ಬ್ಯಾಕ್ಟೀರಿಯಾ ತಜ್ಞ ಪ್ಫೈಫರ್ ಇದೇ ಫ್ಲೂಗೆ ಕಾರಣ ಅಂದುಕೊಂಡರು. ಆ ತಪ್ಪು ಹೆಸರಿನಲ್ಲಿ ಹಾಗೇ ಉಳಿದುಹೋಗಿದೆ, ಅಲ್ವಾ? 1931ರಲ್ಲಿ ಅಮೆರಿಕದ ಬ್ಯಾಕ್ಟೀರಿಯಾ ತಜ್ಞೆ ಮಾರ್ಗರೆಟ್ ಪಿಟ್‌ಮನ್ ಇದರ ಸಕ್ಕರೆ ಸರಪಳಿಯ ಕವಚಗಳನ್ನು ಎ ಯಿಂದ ಎಫ್ ವರೆಗೆ ವಿಂಗಡಿಸಿದರು. ಮಕ್ಕಳಿಗೆ ಗಂಭೀರ ಕಾಯಿಲೆ ತರುತ್ತಿದ್ದದ್ದು ಹೆಚ್ಚಾಗಿ ಬಿ.

ಹಾಗಾದರೆ ಆ ಕವಚವನ್ನೇ ಲಸಿಕೆ ಮಾಡಿದರೆ ಆಯಿತಲ್ಲ ಅನ್ನಿಸುತ್ತದೆ. ಮಾಡಿದರು, 1985ರಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ತೊಂದರೆ ಏನಂದರೆ, ಬರೀ ಸಕ್ಕರೆಯನ್ನು ಕಂಡರೆ ಪುಟ್ಟ ಕೂಸಿನ ರೋಗನಿರೋಧಕ ವ್ಯವಸ್ಥೆ ತಿರುಗಿಯೂ ನೋಡುವುದಿಲ್ಲ, ನೆನಪೂ ಇಟ್ಟುಕೊಳ್ಳುವುದಿಲ್ಲ. ಲಸಿಕೆ ಬೇಕಾದ ವಯಸ್ಸಿಗೇ ಅದು ಉಪಯೋಗವಿಲ್ಲ! ಅಮೆರಿಕದ ಸಂಶೋಧಕರಾದ ಷ್ನೀರ್ಸನ್ ಮತ್ತು ರಾಬಿನ್ಸ್ ಜೋಡಿ ಒಂದು ಕಡೆ, ಸ್ಮಿತ್ ಮತ್ತು ಆಂಡರ್ಸನ್ ಜೋಡಿ ಇನ್ನೊಂದು ಕಡೆ, ಆ ಸಕ್ಕರೆಯನ್ನು ಒಂದು ಪ್ರೋಟೀನ್‌ಗೆ ಅಂಟಿಸಿದರು. ಪ್ರೋಟೀನ್ ಬಂದರೆ ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳು ಎಚ್ಚರವಾಗುತ್ತವೆ, ಅವು ಎದ್ದರೆ ಸಕ್ಕರೆಯ ವಿರುದ್ಧವೂ ನೆನಪು ಕೂರುತ್ತದೆ. ಅಮೆರಿಕದಲ್ಲಿ ಈ ಲಸಿಕೆ 1987ರಲ್ಲಿ ಬಂತು, 1990ರಿಂದ ಕೂಸುಗಳಿಗೂ ಕೊಡತೊಡಗಿದರು. ಇದು ಗಂಟಲಿನಲ್ಲಿ ಸುಮ್ನೆ ಕೂತಿರುವ ಹಿಬ್ಬನ್ನೂ ಕಡಿಮೆ ಮಾಡಿತು, ಹಾಗಾಗಿ ಲಸಿಕೆ ಹಾಕಿಸಿಕೊಳ್ಳದ ಮಕ್ಕಳಿಗೂ ಹರಡುವುದು ತಗ್ಗಿತು. ಕೆಲವೇ ವರ್ಷಗಳಲ್ಲಿ ಮಕ್ಕಳ ಎಪಿಗ್ಲಾಟೈಟಿಸ್ ಅಪರೂಪವಾಯಿತು. ಕ್ರೂಪ್ ಮಾತ್ರ ಹಾಗೇ ಇದೆ, ಅದು ವೈರಸ್, ಹಿಬ್ ಲಸಿಕೆಗೂ ಅದಕ್ಕೂ ಸಂಬಂಧವಿಲ್ಲ.

ಈ ಗೆಲುವು ತಾನಾಗಿ ಉಳಿಯುವಂಥದ್ದಲ್ಲ. ಬ್ರಿಟನ್‌ನಲ್ಲಿ 1992ರಲ್ಲಿ ಲಸಿಕೆ ಶುರುವಾಗಿ ಹಿಬ್ ಕುಸಿದಿತ್ತು, 1999ರ ಹೊತ್ತಿಗೆ ಮತ್ತೆ ಏರತೊಡಗಿತು. 2003ರಲ್ಲಿ ಬೂಸ್ಟರ್ ಅಭಿಯಾನ ನಡೆಸಬೇಕಾಯಿತು.

ಈಗ ಮೊದಲಿನ ಇಬ್ಬರು ಮಕ್ಕಳಿಗೆ ವಾಪಸ್ ಬರೋಣ. ಕ್ರೂಪ್ ಮಗುವಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಒಂದೇ ಡೋಸ್ ಬಾಯಿಂದ ಕೊಟ್ಟರೆ ಕೆಲವು ಗಂಟೆಗಳಲ್ಲಿ ಊತ ಇಳಿಯುತ್ತದೆ. ಸುಮ್ಮನೆ ಕೂತಾಗಲೂ ಸ್ಟ್ರೈಡರ್ ಇದ್ದರೆ ಅಡ್ರಿನಲಿನ್ ನೆಬುಲೈಸರ್ ಕೊಡುತ್ತಾರೆ. ಅದರ ಗುಣ ಸುಮಾರು ಎರಡು ಗಂಟೆಯದ್ದು, ಹಾಗಾಗಿ ತಕ್ಷಣ ಮನೆಗೆ ಕಳಿಸುವುದಿಲ್ಲ. ಸದ್ದು ನಿಂತಿತು ಅಂತ ಸಮಾಧಾನಪಡುವ ಮುಂಚೆ ಮಗುವನ್ನು ನೋಡಬೇಕು. ಪಕ್ಕೆ ಒಳಗೆ ಸೆಳೆಯುತ್ತಿದ್ದು, ಮಗು ಮಂಕಾಗುತ್ತಿದ್ದರೆ ಅದು ಸೋಲುತ್ತಿದೆ ಅಂತಲೇ ಅರ್ಥ.

ಜೊಲ್ಲು ಸುರಿಸುತ್ತಾ ಕೂತ ಮಗುವಿನ ಬಾಯಿಗೆ ಚಮಚ ಹಾಕಿ ಇಣುಕಬಾರದು, ಬಲವಂತವಾಗಿ ಮಲಗಿಸಬಾರದು, ಅಳಿಸಲೂಬಾರದು. ಅಮ್ಮನ ತೊಡೆ ಮೇಲೆ ಹಾಗೇ ಕೂರಿಸಿಕೊಂಡು ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಅರಿವಳಿಕೆ ವೈದ್ಯರು ಉಸಿರಾಟದ ಕೊಳವೆ ಹಾಕಿದ ಮೇಲೆಯೇ ಗಂಟಲು ನೋಡುವುದು, ರಕ್ತ ತೆಗೆಯುವುದು, ಆಂಟಿಬಯಾಟಿಕ್ ಎಲ್ಲ. ಹಿಬ್ ಲಸಿಕೆ ಪೂರ್ತಿ ಆಗಿದೆಯಾ ಅಂತ ಅವರು ಕೇಳೇ ಕೇಳುತ್ತಾರೆ. ಆದರೆ ಆಗಿದೆ ಅಂದರೂ ಈ ಕ್ರಮ ಬದಲಾಗುವುದಿಲ್ಲ, ಯಾಕಂದರೆ ಬೇರೆ ಬ್ಯಾಕ್ಟೀರಿಯಾಗಳೂ ಆ ಮುಚ್ಚಳವನ್ನು ಊದಿಸಬಲ್ಲವು.