ಸೋರುವ ಕಿವಿಯ ಫೋಟೋ: ಮೊದಲು ಮೇಲಿನ ಮೂಲೆ ನೋಡಿ

ಕಿವಿ ಸೋರುತ್ತದೆ ಎಂದು ಬಂದವರ ಕಿವಿಗೆ ಓಟೋಸ್ಕೋಪ್ ಇಡುವ ಮೊದಲು, ಸೋರುವುದು ಹೇಗಿದೆ ಅಂತ ಕೇಳಿ. ಹತ್ತಿಯಲ್ಲಿ ಒರೆಸಿದಾಗ ಎಳೆ ಎಳೆಯಾಗಿ ಬಂದರೆ ಅದು ಲೋಳೆ. ಹೊರಗಿನ ಕಿವಿನಾಳದ ಚರ್ಮದಲ್ಲಿ ಲೋಳೆ ಗ್ರಂಥಿಗಳೇ ಇಲ್ಲ. ಹಾಗಾಗಿ ಲೋಳೆ ಬರುತ್ತಿದೆ ಎಂದರೆ ಅದು ನಡುಗಿವಿಯಿಂದಲೇ ಬರಬೇಕು, ಕಿವಿತಮಟೆಯಲ್ಲಿ ಎಲ್ಲೋ ತೂತು ಇರಲೇಬೇಕು. ತೆಳ್ಳಗೆ ಸೋರುತ್ತಾ, ಕಿವಿಯ ಬಾಯಿ ಮುಂದಿನ ಪುಟ್ಟ ದಿಬ್ಬ ಒತ್ತಿದರೆ ಜೋರಾಗಿ ನೋವಾದರೆ, ತೊಂದರೆ ಹೊರಗಿನ ನಾಳದಲ್ಲಿರುವುದೇ ಜಾಸ್ತಿ.

ಹಳೆಯ ನಡುಗಿವಿ ಸೋಂಕಿನಲ್ಲಿ ಎರಡು ಬಗೆ. ಒಂದರಲ್ಲಿ ಧಾರಾಳವಾಗಿ ಸೋರುತ್ತದೆ, ವಾಸನೆ ಇರುವುದಿಲ್ಲ, ನೆಗಡಿಯಾದಾಗಲೋ ತಲೆಗೆ ನೀರು ಹಾಕಿಕೊಂಡಾಗಲೋ ಶುರುವಾಗಿ ಆಮೇಲೆ ಒಣಗುತ್ತದೆ. ಇನ್ನೊಂದರಲ್ಲಿ ಸೋರುವುದು ಸ್ವಲ್ಪವೇ. ಆದರೆ ಕೆಟ್ಟ ನಾತ, ಕೆಲವೊಮ್ಮೆ ರಕ್ತದ ಕಲೆ. ಜನ ಮೊದಲನೆಯದಕ್ಕೆ ಹೆದರಿ ಬರುತ್ತಾರೆ, ಎರಡನೆಯದನ್ನು ವರ್ಷಗಟ್ಟಲೆ ಸುಮ್ನೆ ಬಿಡುತ್ತಾರೆ. ಅಪಾಯ ಇರುವುದು ಎರಡನೆಯದರಲ್ಲಿ.

ಈಗ ಓಟೋಸ್ಕೋಪ್‌ನಲ್ಲಿ ತೆಗೆದ ತಮಟೆಯ ಫೋಟೋಗೆ ಬರೋಣ. ಮೊದಲು ಅದು ಬಲಗಿವಿಯೋ ಎಡಗಿವಿಯೋ ತಿಳಿದುಕೊಳ್ಳಬೇಕು. ಆರೋಗ್ಯವಾದ ತಮಟೆ ಮುತ್ತಿನ ಹಾಗೆ ಬೂದು ಬಿಳಿ, ಅರೆಪಾರದರ್ಶಕ. ಸುತ್ತಿಗೆ ಮೂಳೆಯ ಹಿಡಿ ಮೇಲಿನಿಂದ ನಡುವಿನವರೆಗೆ ಓರೆಯಾಗಿ ಇಳಿದಿರುತ್ತದೆ. ಅದರ ತುದಿಯಿಂದ ಬೆಳಕಿನ ಹೊಳಪು ಕೆಳಗೆ ಮುಂದಕ್ಕೆ ಹರಡುತ್ತದೆ: ಗಡಿಯಾರದ ಲೆಕ್ಕದಲ್ಲಿ ಬಲಗಿವಿಯಲ್ಲಿ 5 ಗಂಟೆಯ ಕಡೆ, ಎಡಗಿವಿಯಲ್ಲಿ 7 ಗಂಟೆಯ ಕಡೆ. ಹಿಡಿಯ ಮೇಲ್ತುದಿಗಿಂತ ಮೇಲೆ ಒಂದು ಸಣ್ಣ ಸಡಿಲ ಭಾಗವಿದೆ. ಅದರ ಹಿಂದಿನ ನಡುಗಿವಿಯ ಜಾಗವೇ ಅಟ್ಟಿಕ್, ಫೋಟೋ ನೋಡುವಾಗ ಈ ಸಡಿಲ ಭಾಗವನ್ನೂ ಅಟ್ಟಿಕ್ ಎಂದೇ ಕರೆಯುತ್ತಾರೆ. ಎಷ್ಟೋ ಫೋಟೋಗಳಲ್ಲಿ ಈ ಮೂಲೆಯೇ ಬಿಟ್ಟುಹೋಗಿರುತ್ತದೆ. ಅಟ್ಟಿಕ್ ಕಾಣದ ಫೋಟೋ ಪೂರ್ತಿ ಫೋಟೋ ಅಲ್ಲ.

ಒಂದು ಕೇಸ್ ಇಟ್ಟುಕೊಳ್ಳೋಣ. ಮೂವತ್ತರ ಆಸುಪಾಸಿನವರು, ಬಲಗಿವಿ. ವರ್ಷಗಳಿಂದ ಆಗಾಗ ದಿಂಬಿನ ಮೇಲೆ ಸ್ವಲ್ಪ ಕಲೆ, ನಾತ. ಡ್ರಾಪ್ಸ್ ಹಾಕಿದರೆ ಕಡಿಮೆಯಾಗಿ ಮತ್ತೆ ಬರುತ್ತದೆ. ಫೋಟೋದಲ್ಲಿ ತಮಟೆಯ ಬಿಗಿ ಭಾಗ ಹೆಚ್ಚುಕಡಿಮೆ ಚೆನ್ನಾಗಿದೆ, ನಡುವೆ ತೂತಿಲ್ಲ. ಮೇಲೆ ಅಟ್ಟಿಕ್‌ನಲ್ಲಿ ಮಾತ್ರ ಕಂದು ಬಣ್ಣದ ಹಕ್ಕಳೆ. ‘ಗುಗ್ಗೆ ಇರಬೇಕು’ ಅನ್ನಿಸುತ್ತದೆ ಅಲ್ವಾ? ಗುಗ್ಗೆ ಹುಟ್ಟುವುದು ನಾಳದ ಹೊರಗಿನ ಮೂರನೇ ಒಂದು ಭಾಗದಲ್ಲಿ, ಅಷ್ಟು ಒಳಗೆ ಅಲ್ಲ. ಅಟ್ಟಿಕ್ ಮೇಲೆ ಅಂಟಿದ ಹಕ್ಕಳೆ ಕಂಡರೆ, ಬೇರೇನೋ ಎಂದು ಖಚಿತವಾಗುವ ತನಕ ಕೊಲೆಸ್ಟಿಯಟೋಮಾ ಎಂದೇ ಹಿಡಿಯಬೇಕು. ಇಎನ್‌ಟಿ ವೈದ್ಯರು ಮೈಕ್ರೋಸ್ಕೋಪ್ ಕೆಳಗೆ ಅದನ್ನು ಎತ್ತಿದರೆ ಕೆಳಗೊಂದು ಗುಳಿ, ಅದರೊಳಗೆ ಬಿಳಿ ಚೂರುಗಳು ಕಾಣುತ್ತವೆ. ಅವು ಉದುರಿ ಹೊರಬರಲಾಗದೆ ಒಳಗೇ ಕೂಡಿಕೊಂಡ ಚರ್ಮದ ಪದರಗಳು.

ಇದು ಕ್ಯಾನ್ಸರ್ ಅಲ್ಲ, ಆದರೂ ಮೂಳೆಯನ್ನು ಸವೆಸುತ್ತಾ ಬೆಳೆಯುತ್ತದೆ. ಕಿವಿಯ ಪುಟ್ಟ ಮೂಳೆಗಳು ಸವೆದರೆ ಕೇಳಿಸುವುದು ಕಡಿಮೆಯಾಗುತ್ತದೆ. ಒಳಗಿವಿಯ ಗೋಡೆ ಸವೆದರೆ ತಲೆಸುತ್ತು, ಮುಖದ ನರಕ್ಕೆ ತಾಗಿದರೆ ಮುಖ ಒಂದು ಕಡೆಗೆ ಸೊಟ್ಟ, ನಡುಗಿವಿಯ ಮೇಲ್ಚಾವಣಿ ಸವೆದರೆ ಸೋಂಕು ಮಿದುಳಿನ ಕಡೆಗೆ. ಶ್ರವಣ ಪರೀಕ್ಷೆಯ ರಿಪೋರ್ಟ್ ಚೆನ್ನಾಗಿದೆ ಅಂತ ನಿಶ್ಚಿಂತರಾಗುವಂತಿಲ್ಲ. ಕೆಲವೊಮ್ಮೆ ಮೂಳೆ ಸವೆದ ಜಾಗವನ್ನು ಆ ಗಡ್ಡೆಯೇ ತುಂಬಿ ಶಬ್ದವನ್ನು ದಾಟಿಸುತ್ತದೆ! ಎಷ್ಟು ಹರಡಿದೆ ಎಂದು ಸಿಟಿ ಸ್ಕ್ಯಾನ್ ಹೇಳುತ್ತದೆ. ಸಾಮಾನ್ಯವಾಗಿ ಆಪರೇಷನ್ನೇ ದಾರಿ.

ಇದರ ಪಕ್ಕಕ್ಕೆ ಮೊದಲನೇ ಬಗೆಯ ಫೋಟೋ ಇಟ್ಟು ನೋಡಿ. ಬಿಗಿ ಭಾಗದಲ್ಲಿ ತೂತು, ಅದರ ಸುತ್ತ ತಮಟೆಯ ಅಂಚು ಉಳಿದಿರುತ್ತದೆ, ಒಳಗೆ ತಿಳಿಗುಲಾಬಿ ಪದರ ಕಾಣುತ್ತದೆ. ತೂತು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದೇ ಮುಖ್ಯ. ಮೇಲೆ ಹಿಂಭಾಗದಲ್ಲಿ ಅಂಚನ್ನೇ ತಿಂದ ಪುಟ್ಟ ತೂತು, ನಡುವಿನ ದೊಡ್ಡ ತೂತಿಗಿಂತ ಹೆಚ್ಚು ಅನುಮಾನ ಹುಟ್ಟಿಸಬೇಕು. ಯಾವ ತೂತೇ ಆಗಲಿ, ಕಿವಿಗೆ ಕಾಯಿಸಿದ ಎಣ್ಣೆ ಬೇಡ. ಮನೆಯಲ್ಲಿ ಉಳಿದಿರುವ ಜೆಂಟಾಮೈಸಿನ್ ಡ್ರಾಪ್ಸ್ ಕೂಡ ಬೇಡ, ಅದು ತೂತಿನ ಮೂಲಕ ಒಳಗಿವಿಗೆ ಹಾನಿ ಮಾಡಬಲ್ಲದು.

ಫೋಟೋ ಹೇಳದ ಸಂಗತಿಗಳೂ ಇವೆ. ಮಗು ಅಳುತ್ತಿದ್ದರೆ ತಮಟೆ ಕೆಂಪಾಗುತ್ತದೆ, ಬರೀ ಕೆಂಪು ನೋಡಿ ಹೊಸ ಸೋಂಕು ಎನ್ನುವಂತಿಲ್ಲ. ತಮಟೆ ಹೊರಕ್ಕೆ ಉಬ್ಬಿದ್ದರೆ ಆ ಮಾತಿಗೆ ಬಲ ಬರುತ್ತದೆ. ಹಿಂದೆ ನೀರು ನಿಂತಿದೆಯೇ ಎಂಬುದಕ್ಕೆ, ಗಾಳಿ ಒತ್ತಿದಾಗ ತಮಟೆ ಅಲುಗುತ್ತದೋ ನೋಡಬೇಕು. ನಿಂತ ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ. ಇನ್ನು ನಾಳದ ತುಂಬ ಕೀವು ತುಂಬಿದ ಫೋಟೋ ಕಳಿಸಿ ಅಭಿಪ್ರಾಯ ಕೇಳಿದರೆ, ಮೊದಲು ಕಿವಿಯನ್ನು ಆಸ್ಪತ್ರೆಯಲ್ಲಿ ಸ್ವಚ್ಛ ಮಾಡಿಸಿ, ಒಣಗಿಸಿ, ಅಟ್ಟಿಕ್ ಕಾಣುವ ಹಾಗೆ ಇನ್ನೊಂದು ಫೋಟೋ ಕೇಳಿ.