‘ಆಡಿ ಬಾ ನನ ಕಂದ’: ಒಂದು ಜೋಗುಳದ ಸಾಲನ್ನು ಇಂಗ್ಲಿಷಿನಲ್ಲಿ ಹೇಳುವಾಗ

ಟೆಕ್ಸಸ್‌ನಲ್ಲಿರುವ ನನ್ನ ತಮ್ಮನ ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಹಾಡುವ ಒಂದು ಜೋಗುಳವನ್ನು ಬರೆದು ತರಬೇಕು, ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಬೇಕು ಎಂದು ಅವಳ ಶಾಲೆಯಲ್ಲಿ ಹೇಳಿದ್ದರು. ಅವಳಪ್ಪ ನಮ್ಮವ್ವ ಹಾಡುತ್ತಿದ್ದ ತ್ರಿಪದಿಯನ್ನು ನೆನಪಿಸಿಕೊಂಡು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಟ್ಟಿದ್ದ. ಧಾರವಾಡದ ಕಡೆ ನಾವು ಕೇಳಿ ಬೆಳೆದದ್ದು ಹೀಗೆ:

ಆಡಿ ಬಾ ನನ ಕಂದ ಅಂಗಾಲ ತೊಳೆದೇನ
ತೆಂಗೀನಕಾಯಿ ತಿಳಿನೀರ ತಕ್ಕೊಂಡು
ಬಂಗಾರ ಮಾರಿ ತೊಳೆದೇನ

ಹುಡುಗಿ ಬರೆದ ಮೊದಲ ಅರ್ಥವನ್ನು ವಿಡಿಯೊ ಕಾಲ್‌ನಲ್ಲಿ ಓದಿ ತೋರಿಸಿದಳು. ಅದನ್ನು ಕನ್ನಡಕ್ಕೆ ತಿರುಗಿಸಿದರೆ ಹೀಗಾಗುತ್ತದೆ: ‘ಹೋಗಿ ಆಟವಾಡು, ಮಗು. ನಾನು ನಿನ್ನ ಪಾದ ತೊಳೆದೆ. ಕೋಕನಟ್ ವಾಟರ್ ತಂದು ಚಿನ್ನದ ಮುಖ ತೊಳೆದೆ.’ ಓದಿ ಮುಗಿಸಿ ಅವಳೇ ಕೇಳಿದಳು, ‘ಅತ್ಯಾ, ತೊಟ್ಟಿಲಾಗಿನ ಕೂಸಿಗೆ ನಡಿಯಾಕ ಬರಂಗಿಲ್ಲ. ಅದು ಹೊರಗ ಹೆಂಗ ಆಡ್ತದ? ಕಾಲು ಹೆಂಗ ಹೊಲಸಾಗ್ತದ?’

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ‘ತೊಳೆದೇನ’ ಎಂಬ ಒಂದೇ ಪದದಲ್ಲಿದೆ. ಅವಳು ತಪ್ಪಿದ್ದೂ ಅದರಲ್ಲೇ.

‘ತೊಳೆದೆನು’ ಎಂದರೆ ತೊಳೆದದ್ದು ಮುಗಿಯಿತು. ‘ತೊಳೆದೇನು’ ಎಂದರೆ ಇನ್ನೂ ತೊಳೆದಿಲ್ಲ. ನಡುವಿನ ‘ದೆ’ ಹ್ರಸ್ವವೋ ದೀರ್ಘವೋ ಎಂಬುದರ ಮೇಲೆ ಇಡೀ ಕಾಲವೇ ಬದಲಾಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದ ಹುಡುಗಿಗೆ ಅದು ಆಗಿಹೋದ ಸಂಗತಿ ಅನ್ನಿಸಿತು. ವಿದೇಶದ ಮಕ್ಕಳಿಗೆ ಹಾಡನ್ನು ಬರೆದುಕೊಡುವಾಗ ಮೊದಲು ಕಾಣೆಯಾಗುವುದು ಈ ದೀರ್ಘಗಳೇ. ಬರೆದುಕೊಡುವುದರ ಜೊತೆಗೆ ಒಮ್ಮೆಯಾದರೂ ಬಾಯಿಬಿಟ್ಟು ಹಾಡಿ ಕೇಳಿಸಿದರೆ ಕಿವಿಗೆ ವ್ಯತ್ಯಾಸ ತಾನಾಗಿ ಸಿಗುತ್ತದೆ.

ವ್ಯಾಕರಣದ ಪುಸ್ತಕ ಈ ರೂಪವನ್ನು ಸಂಭಾವನಾರ್ಥಕ ಎನ್ನುತ್ತದೆ. ‘ಮಳೆ ಬಂದೀತು, ಕೊಡೆ ತಗೋ’ ಎನ್ನುತ್ತೇವೆ. ಮಗು ಕಟ್ಟೆಯ ಮೇಲೆ ಹತ್ತಿದರೆ ‘ಬಿದ್ದೀಯ, ಹುಷಾರು’ ಎನ್ನುತ್ತೇವೆ. ಆಗಬಹುದು ಎಂಬ ಅರ್ಥ. ಹಾಗೆಂದು ಜೋಗುಳದ ‘ತೊಳೆದೇನ’ ಪದವನ್ನು ಇಂಗ್ಲಿಷಿನ ‘ಮೇ’ ಅಥವಾ ‘ಮೈಟ್’ ಹಾಕಿ ಹೇಳಿದರೆ ಹಾಡು ಕೆಡುತ್ತದೆ. ತೊಳೆದರೂ ತೊಳೆದಾಳು, ಬಿಟ್ಟರೂ ಬಿಟ್ಟಾಳು ಎಂಬಂತೆ ಕೇಳುತ್ತದೆ. ಹಾಡಿನಲ್ಲಿ ತಾಯಿ ‘ನಾನು’ ಎಂದು ಹೇಳಿಕೊಳ್ಳುವಾಗ ಈ ರೂಪಕ್ಕೆ ಬೇರೆಯೇ ಬಣ್ಣ ಬರುತ್ತದೆ: ತೊಳೆಯುವ ಆಸೆ ನನಗಿದೆ, ನೀನು ಬಂದರೆ ಸಾಕು, ತೊಳೆಯುತ್ತೇನೆ. ‘ವಿಲ್’ ಹಾಕಿದರೆ ಬರೀ ಸೂಚನೆಯಂತೆ ಕೇಳುತ್ತದೆ. ನಾನು ಅವಳಿಗೆ ಹೇಳಿದ್ದು ‘ಲೆಟ್ ಮಿ ವಾಶ್’. ಅದರಲ್ಲಿ ಆಸೆಯೂ ಇದೆ, ಕೇಳಿಕೊಳ್ಳುವ ದನಿಯೂ ಇದೆ.

ಕೂಸಿನ ಪ್ರಶ್ನೆಗೂ ಇಲ್ಲಿಯೇ ಉತ್ತರ. ತೊಟ್ಟಿಲಲ್ಲಿ ಮಲಗಿದ ಕೂಸು ಇನ್ನೂ ನೆಲ ಮುಟ್ಟಿಲ್ಲ. ಅದರ ಅಂಗಾಲಿಗೆ ಮಣ್ಣು ತಾಗಲು ಇನ್ನೂ ಒಂದು ವರ್ಷ ಬೇಕು. ತಾಯಿ ಮುಂದೆ ಬರಲಿರುವ ಒಂದು ಸಂಜೆಯನ್ನು ಈಗಲೇ ಹಾಡುತ್ತಿದ್ದಾಳೆ: ಕೂಸು ದೊಡ್ಡದಾಗಿದೆ, ಓಣಿಯಲ್ಲಿ ಆಡಿ ಬಂದಿದೆ, ಧೂಳು ಮೆತ್ತಿಕೊಂಡ ಕಾಲಲ್ಲಿ ಬಾಗಿಲಿಗೆ ನಿಂತಿದೆ. ‘ತೊಳೆದೆನು’ ಎಂದು ಓದಿದರೆ ಆ ಸಂಜೆಯೇ ಇಲ್ಲವಾಗುತ್ತದೆ.

ಇನ್ನು ‘ಆಡಿ ಬಾ’. ಹುಡುಗಿ ಅದನ್ನು ‘ಹೋಗಿ ಆಡು’ ಎಂದು ಬರೆದಿದ್ದಳು. ಹಾಡಿನಲ್ಲಿ ‘ಹೋಗು’ ಎಂಬ ಪದವೇ ಇಲ್ಲ. ನಮ್ಮಲ್ಲಿ ಮನೆಯಿಂದ ಹೊರಡುವವರಿಗೆ ಬರೀ ‘ಹೋಗು’ ಅನ್ನುವುದಿಲ್ಲ, ‘ಹೋಗಿ ಬಾ’ ಅನ್ನುತ್ತೇವೆ. ಹೊರಡುವವರೂ ‘ಬರ್ತೀನಿ’ ಎಂದೇ ಹೇಳಿ ಹೊರಡುತ್ತಾರೆ. ಇಲ್ಲಿ ತಾಯಿ ಆ ‘ಹೋಗಿ’ಯನ್ನೂ ಬಿಟ್ಟು, ಆಟವನ್ನೂ ಮರಳುವುದನ್ನೂ ಒಂದೇ ಉಸಿರಲ್ಲಿ ಹೇಳಿದ್ದಾಳೆ. ಇದನ್ನು ಎರಡು ಥರ ಕೇಳಬಹುದು. ಆಟಕ್ಕೆ ಕಳಿಸುತ್ತಾ ‘ಆಡಿಕೊಂಡು ಬಾ’ ಎನ್ನುತ್ತಿರಬಹುದು; ಸಂಜೆಯಾಯಿತು, ‘ಆಡಿದ್ದು ಸಾಕು, ಬಾ’ ಎಂದು ಕರೆಯುತ್ತಿರಬಹುದು. ಇಂಗ್ಲಿಷಿನಲ್ಲಿ ‘ಗೋ’ ಹಾಕಿದರೆ ಎರಡನೆಯದು ಸತ್ತುಹೋಗುತ್ತದೆ. ‘ಪ್ಲೇ ಅಂಡ್ ಕಮ್ ಹೋಮ್’ ಎಂದರೆ ಸುಮಾರಾಗಿ ಎರಡೂ ಉಳಿಯುತ್ತವೆ. ‘ಹೋಮ್’ ಮೂಲದಲ್ಲಿಲ್ಲ, ಅದನ್ನು ನಾನು ಸೇರಿಸಿದ್ದು. ಇಂಗ್ಲಿಷಿನಲ್ಲಿ ಬರೀ ‘ಕಮ್’ ಎಂದರೆ ಎಲ್ಲಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ‘ಬಾ’ಗೆ ಆ ಪ್ರಶ್ನೆ ಇಲ್ಲ.

‘ಅಂಗಾಲು’ ಎಂದಾಗ ನಾನು ಅವಳಿಗೆ ಅಂಗೈ ತೋರಿಸು ಎಂದೆ. ತಟ್ಟನೆ ತೋರಿಸಿದಳು. ಅಂಗೈ ಗೊತ್ತಿದ್ದವರಿಗೆ ಅಂಗಾಲು ತಾನಾಗಿ ಗೊತ್ತಾಗುತ್ತದೆ. ಎರಡರಲ್ಲೂ ಮೊದಲಿನ ‘ಅಂ’ ಒಳಭಾಗ ಎಂಬ ಅರ್ಥದ್ದು. ಕೈಯ ಒಳಮೈ ಅಂಗೈ, ಕಾಲಿನ ಒಳಮೈ ಅಂಗಾಲು. ಇಂಗ್ಲಿಷಿನವರಿಗೆ ಅದು ಕಾಲಿನ ಅಡಿ, ನಮಗೆ ಒಳಗು. ಇಂಗ್ಲಿಷಿನಲ್ಲಿ ‘ಸೋಲ್’ ಎಂಬ ಸರಿಯಾದ ಪದವೇನೋ ಇದೆ. ಆದರೆ ತರಗತಿಯಲ್ಲಿ ಗಟ್ಟಿಯಾಗಿ ಓದಿದರೆ ಆತ್ಮಕ್ಕೂ ಅದೇ ಸದ್ದು. ಕೇಳಿದ ಮಕ್ಕಳು ತಾಯಿ ಕೂಸಿನ ಆತ್ಮ ತೊಳೆಯುತ್ತಾಳೆ ಅಂದುಕೊಳ್ಳಬಹುದು. ಹಾಗಾಗಿ ‘ಬಾಟಮ್ಸ್ ಆಫ್ ಯುವರ್ ಫೀಟ್’ ಎಂದು ಬಿಡಿಸಿ ಬರೆದೆವು.

ಕಾಲು ತೊಳೆಯುವುದು ಅವಳಿಗೆ ಹೊಸದು. ಅವಳ ಮನೆಯಲ್ಲಿ ಬೂಟು, ಕಾಲುಚೀಲ ಬಿಚ್ಚಿಟ್ಟರೆ ಮುಗಿಯಿತು. ಬರಿಗಾಲಲ್ಲಿ ಆಡಿದ ಮಕ್ಕಳು ಹಿತ್ತಲಲ್ಲಿ ಕಾಲು ತೊಳೆದೇ ಒಳಗೆ ಬರಬೇಕಾಗಿತ್ತು ಎಂಬುದನ್ನು ಹೇಳಿದೆ. ಜೊತೆಗೆ ಇನ್ನೊಂದನ್ನೂ ಹೇಳಿದೆ: ನಾವು ಇನ್ನೊಬ್ಬರ ಕಾಲು ತೊಳೆಯುವುದು ಅವರನ್ನು ದೊಡ್ಡವರೆಂದು ಬಗೆದಾಗ. ಗುರುವಿಗೆ ತೊಳೆಯುತ್ತೇವೆ, ಮದುವೆಯಲ್ಲಿ ಅಳಿಯನಿಗೆ ತೊಳೆಯುತ್ತೇವೆ. ಆ ಮರ್ಯಾದೆಯನ್ನು ತಾಯಿ ಇಲ್ಲಿ ಕೂಸಿಗೆ ಕೊಡುತ್ತಿದ್ದಾಳೆ.

ನೀರಾದರೂ ಎಂಥದು? ‘ಕೋಕನಟ್ ವಾಟರ್’ ಎಂದ ಕೂಡಲೇ ಅವಳ ಕಣ್ಣ ಮುಂದೆ ಬಂದದ್ದು ಅಂಗಡಿಯ ಕಾಗದದ ಡಬ್ಬಿ. ಹಾಡಿನಲ್ಲಿರುವುದು ಎಳನೀರೂ ಅಲ್ಲ. ಅದು ತೆಂಗಿನಕಾಯಿಯ ನೀರು, ಬಲಿತ ಕಾಯಿ ಒಡೆದಾಗ ಸಿಗುವಂಥದ್ದು. ಒಂದು ಕಾಯಿಗೆ ಅರ್ಧ ಲೋಟ, ಹೆಚ್ಚೆಂದರೆ ಒಂದು ಲೋಟ. ತೆಂಗು ದಟ್ಟವಾಗಿ ಬೆಳೆಯುವುದು ಕರಾವಳಿಯಲ್ಲಿ, ತಿಪಟೂರಿನ ಸೀಮೆಯಲ್ಲಿ. ಜೋಳ ಬೆಳೆಯುವ ನಮ್ಮ ಎರೆಭೂಮಿಯ ಊರುಗಳಲ್ಲಿ ಕಾಯಿ ಕೊಂಡು ತರಬೇಕು, ದೇವರಿಗೆ ಒಡೆಯಬೇಕು, ನೀರನ್ನು ಮಕ್ಕಳ ಅಂಗೈಗೆ ಒಂದೊಂದು ಗುಟುಕು ಹಾಕಬೇಕು. ಅಂಥ ನೀರಲ್ಲಿ ಮುಖ ತೊಳೆಸುತ್ತೇನೆ ಎನ್ನುವುದು ಯಾವ ತಾಯಿಯೂ ನಿಜವಾಗಿ ಮಾಡುವ ಕೆಲಸವಲ್ಲ. ಬಾವಿಯ ನೀರು ನಿನಗೆ ಸಾಲದು ಎನ್ನುವ ಮುದ್ದು ಅದು.

‘ತಿಳಿ’ ಎಂಬ ಪದವನ್ನು ಹುಡುಗಿ ಬಿಟ್ಟೇ ಬಿಟ್ಟಿದ್ದಳು. ಅವಳಿಗೆ ತಿಳಿಸಾರು ಗೊತ್ತು, ಅವಳಮ್ಮ ದಿನಕ್ಕೆ ಹತ್ತು ಸಲ ಕೇಳುವ ‘ತಿಳೀತಾ?’ ಕೂಡ ಗೊತ್ತು. ಗಸಿ ಕೆಳಗೆ ಕೂತು ಮೇಲೆ ನಿಲ್ಲುವುದು ತಿಳಿ. ಮನಸ್ಸಿನಲ್ಲಿ ಗೊಂದಲ ಕೆಳಗೆ ಕೂತಾಗ ತಿಳಿಯುತ್ತದೆ. ಇಂಗ್ಲಿಷಿನ ‘ಕ್ಲಿಯರ್’ ಪದವೂ ನೀರಿಗೂ ಮಾತಿಗೂ ಎರಡಕ್ಕೂ ಒದಗುತ್ತದೆ. ಇಡೀ ಹಾಡಿನಲ್ಲಿ ಎರಡು ಭಾಷೆಗಳೂ ಕೈಕೈ ಹಿಡಿದು ನಡೆದದ್ದು ಇದೊಂದೇ ಕಡೆ.

‘ಮಾರಿ’ ಎಂದರೆ ನಮ್ಮ ಕಡೆ ಮುಖ. ಅವಳಮ್ಮ ಮೈಸೂರಿನವಳು, ಆಕೆಗೆ ಮಾರಿ ಎಂದರೆ ಮಾರಮ್ಮ. ಆ ಕಡೆ ಇದೇ ಸಾಲನ್ನು ‘ಬಂಗಾರ ಮೋರೆ’ ಎಂದು ಹಾಡುವವರಿದ್ದಾರೆ. ಎರಡೂ ಸರಿ. ‘ಗೋಲ್ಡನ್ ಫೇಸ್’ ಎಂಬುದು ಮಾತ್ರ ಮಗುವಿಗೆ ಮುಖವಾಡದಂತೆಯೋ ವಿಗ್ರಹದಂತೆಯೋ ಕಾಣುತ್ತದೆ. ಧಾರವಾಡದಲ್ಲಿ ಬಂಗಾರ ಎಂಬುದು ಬಣ್ಣಕ್ಕಿಂತ ಹೆಚ್ಚಾಗಿ ಕರೆಯುವ ಮಾತು. ಉಣ್ಣದೆ ಹಟ ಹಿಡಿದ ಮಗುವಿಗೆ ‘ಯಾಕ ನನ ಬಂಗಾರ?’ ಎನ್ನುತ್ತೇವೆ. ಅದನ್ನು ಮುಖದಿಂದ ಬಿಡಿಸಿ ಮಗುವಿಗೇ ಹಚ್ಚೋಣ ಎಂದೆ: ‘ವಾಶ್ ಯುವರ್ ಫೇಸ್, ಮೈ ಗೋಲ್ಡ್.’

‘ಕಂದ’ ಹುಡುಗನಾ ಎಂದು ಕೇಳಿದಳು. ಅಲ್ಲ, ಹುಡುಗಿಗೂ ಅದೇ ಪದ. ‘ಬೇಬಿ’ ಎಂದು ಬರೆಯಲು ಒಂಬತ್ತು ವರ್ಷದವಳು ಒಪ್ಪಲಿಲ್ಲ. ‘ಚೈಲ್ಡ್’ ನನಗೆ ಶಾಲೆಯ ಅರ್ಜಿಯಂತೆ ಕೇಳಿತು. ಆ ಒಂದು ಪದವನ್ನು ಕನ್ನಡದಲ್ಲೇ ಉಳಿಸಿಕೊಂಡೆವು.

ಹಾಳೆಯಲ್ಲಿ ಬರೆದವರ ಹೆಸರು ಎಂಬ ಕಡೆ ಏನು ತುಂಬಬೇಕೆಂದು ಕೇಳಿದಳು. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಕೇಳಿ ಕೂಡಿಸಿದ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚಾದಾಗಲೂ ಹಾಡು ಕಟ್ಟಿದವರ ಹೆಸರು ಸಿಕ್ಕಿರಲಿಲ್ಲ. ‘ಅಜ್ಜಿ ಹಾಡ್ತಿದ್ರು ಅಂತ ಬರಿ’ ಎಂದೆ.

ಕೊನೆಗೆ ಚಪ್ಪಾಳೆ ತಟ್ಟಿ ಹಾಡಿದೆವು. ತ್ರಿಪದಿಯಲ್ಲಿ ಹನ್ನೊಂದು ಗಣ: ಮೊದಲ ಸಾಲಿಗೆ ನಾಲ್ಕು, ಎರಡನೆಯದಕ್ಕೆ ನಾಲ್ಕು, ಕೊನೆಯದಕ್ಕೆ ಮೂರು. ಆಡಿಬಾ, ನನಕಂದ, ಅಂಗಾಲ, ತೊಳೆದೇನ. ತೆಂಗೀನ, ಕಾಯಿ, ತಿಳಿನೀರ, ತಕ್ಕೊಂಡು. ಬಂಗಾರ, ಮಾರಿ, ತೊಳೆದೇನ. ಆರನೆಯದೂ ಹತ್ತನೆಯದೂ ಉಳಿದವುಗಳಿಗಿಂತ ಚಿಕ್ಕವು: ‘ಕಾಯಿ’, ‘ಮಾರಿ’. ತೊಟ್ಟಿಲು ಒಂದು ಕೊನೆಗೆ ಹೋಗಿ ಚಣಕಾಲ ನಿಂತು ಮರಳಿದ ಹಾಗೆ ಅಲ್ಲಿ ಹಾಡೂ ಕೊಂಚ ನಿಲ್ಲುತ್ತದೆ. ‘ತೆಂಗಿನ’ ಎಂಬುದು ‘ತೆಂಗೀನ’ ಎಂದು ಎಳೆದುಕೊಂಡದ್ದು ಬಾಯಿಗೆ ಈ ಲಯ ಸಿಗಲಿ ಎಂದು. ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರ ಹೊತ್ತಿಗೆ ಬಂಡೆಯಲ್ಲಿ ಕೊರೆದ ಅದರಲ್ಲೂ ತ್ರಿಪದಿಗಳಿವೆ. ಒಬ್ಬ ವೀರನ ಕುರಿತ ಮಾತಿಗೂ ಕೂಸಿನ ಕಾಲು ತೊಳೆಯುವ ಮಾತಿಗೂ ಮಟ್ಟು ಒಂದೇ.

‘ಅತ್ಯಾ, ಅಂಗಾಲ, ತೆಂಗೀನ, ಬಂಗಾರ! ಮೂರರಾಗೂ ಒಂದs ಸೌಂಡ್ ಐತಿ’ ಎಂದಳು. ಪ್ರಾಸ ಎಂಬ ಪದ ಹೇಳುವ ಮೊದಲೇ ಅದು ಅವಳ ಕಿವಿಗೆ ಸಿಕ್ಕಿತ್ತು.

ಅವಳು ಹಾಳೆಗೆ ಇಳಿಸಿದ್ದು ಇಷ್ಟು:

ಪ್ಲೇ ಅಂಡ್ ಕಮ್ ಹೋಮ್, ಕಂದ, ಲೆಟ್ ಮಿ ವಾಶ್ ದ ಬಾಟಮ್ಸ್ ಆಫ್ ಯುವರ್ ಫೀಟ್.
ಲೆಟ್ ಮಿ ಬ್ರಿಂಗ್ ದ ಕ್ಲಿಯರ್ ವಾಟರ್ ಆಫ್ ಎ ಕೋಕನಟ್
ಅಂಡ್ ವಾಶ್ ಯುವರ್ ಫೇಸ್, ಮೈ ಗೋಲ್ಡ್.

ಇದಕ್ಕೆ ಚಪ್ಪಾಳೆ ಹೊಂದಲಿಲ್ಲ. ಮೂರು ಸಲ ಪ್ರಯತ್ನಿಸಿ ಬಿಟ್ಟಳು. ಇಂಗ್ಲಿಷ್ ಅನ್ನು ಓದುತ್ತೇನೆ, ಕನ್ನಡವನ್ನು ಹಾಡುತ್ತೇನೆ ಎಂದು ಅವಳೇ ತೀರ್ಮಾನಿಸಿದಳು. ಹಾಳೆಯಲ್ಲಿ ಮೂಲದ ‘ತೊಳೆದೇನ’ ಬರುವ ಎರಡೂ ಕಡೆ, ‘ದೇ’ ಎಳೆಯಬೇಕೆಂದು ನೆನಪಿರಲಿ ಎಂದು, ಪೆನ್ಸಿಲಿನಲ್ಲಿ ಒಂದು ಉದ್ದ ಗೆರೆ ಹಾಕಿಕೊಂಡಳು.