k ಹುಡುಕುವಾಗ ಕೋಣೆಯ ಉಷ್ಣತೆಯನ್ನು ಕಳೆಯಲೇಬೇಕೇ?

ಪ್ರಶ್ನೆ: ಕೋಣೆ 26 ಡಿಗ್ರಿ ಸೆಲ್ಸಿಯಸ್ ಇದೆ. ಲೋಟದಲ್ಲಿದ್ದ 86 ಡಿಗ್ರಿಯ ನೀರು 10 ನಿಮಿಷಕ್ಕೆ 66ಕ್ಕೆ ಇಳಿಯಿತು. 66/86 ಎಂದು ಅನುಪಾತ ಹಿಡಿದು k ತೆಗೆದರೆ ಉತ್ತರ ತಾಳೆಯಾಗುತ್ತಿಲ್ಲ. ಎಲ್ಲಿ ತಪ್ಪಿದೆ?

ಈ ಪ್ರಶ್ನೆ ಪ್ರತಿ ವರ್ಷ, ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಬರುತ್ತದೆ. ಉತ್ತರ ಸಮೀಕರಣದಲ್ಲೇ ಇದೆ:

dT/dt = −k(T − 26)

ತಣಿಯುವ ವೇಗ ನಿಂತಿರುವುದು T ಮೇಲಲ್ಲ, T − 26ರ ಮೇಲೆ. ಅಂದರೆ ನೀರು ಕೋಣೆಗಿಂತ ಎಷ್ಟು ಹೆಚ್ಚು ಬಿಸಿಯಾಗಿದೆ ಎಂಬುದರ ಮೇಲೆ. T ಇರುವುದನ್ನೆಲ್ಲ ಎಡಕ್ಕೆ, t ಇರುವುದನ್ನು ಬಲಕ್ಕೆ ತಂದರೆ dT/(T − 26) = −k dt. ಎರಡೂ ಕಡೆ ಇಂಟಿಗ್ರೇಟ್ ಮಾಡಿದರೆ ln(T − 26) = −kt + C, ಅಂದರೆ T = 26 + Ae^(−kt).

ಗೊತ್ತಿಲ್ಲದವು ಎರಡು, A ಮತ್ತು k. ಅದಕ್ಕೇ ಎರಡು ಅಳತೆ ಕೊಟ್ಟಿರುತ್ತಾರೆ. t = 0 ಹಾಕಿದರೆ A = 60. t = 10 ಹಾಕಿದರೆ 40 = 60e^(−10k), ಆದ್ದರಿಂದ k = ln(1.5)/10, ನಿಮಿಷಕ್ಕೆ ಸುಮಾರು 0.0405. ಇನ್ನೂ 10 ನಿಮಿಷ ಕಳೆದರೆ ವ್ಯತ್ಯಾಸ ಮತ್ತೆ ಮೂರನೇ ಎರಡು ಭಾಗಕ್ಕೆ ಇಳಿದು 26.7 ಆಗುತ್ತದೆ, ನೀರು 52.7 ಡಿಗ್ರಿಯಲ್ಲಿರುತ್ತದೆ.

ಈಗ 66/86ರ ವಿಷಯ. ಅದರಿಂದ ಬರುವ k ಸುಮಾರು 0.0265. 20 ನಿಮಿಷಕ್ಕೆ 50.7 ಡಿಗ್ರಿ ಎನ್ನುತ್ತದೆ. ಎರಡೇ ಡಿಗ್ರಿ ವ್ಯತ್ಯಾಸ ತಾನೇ ಎಂದು ಬಿಟ್ಟುಬಿಡುವವರು ಅದೇ ಲೆಕ್ಕವನ್ನು ಒಂದು ಗಂಟೆಯವರೆಗೆ ಎಳೆದು ನೋಡಿ: 17.6 ಡಿಗ್ರಿ ಬರುತ್ತದೆ. 26 ಡಿಗ್ರಿಯ ಕೋಣೆಯಲ್ಲಿ ಇಟ್ಟ ಬಿಸಿನೀರು ಕೋಣೆಗಿಂತ ತಣ್ಣಗಾಗಿ ಕೂತಿತು ಎಂದಾಯಿತು! ಸರಿಯಾದ ಸೂತ್ರ 31.3 ಎನ್ನುತ್ತದೆ.

ಇಷ್ಟಕ್ಕೂ ಒಪ್ಪದವರು ಇದೇ ಅಳತೆಗಳನ್ನು ಫ್ಯಾರನ್‌ಹೀಟ್‌ಗೆ ಬದಲಿಸಿ. 86 ಎಂಬುದು 186.8, 66 ಎಂಬುದು 150.8. ಅವುಗಳ ಅನುಪಾತದಿಂದ k 0.0214 ಆಗುತ್ತದೆ. ಅದೇ ಲೋಟ, ಅದೇ ನೀರು. ಥರ್ಮಾಮೀಟರಿನ ಮೇಲಿನ ಗೆರೆ ಬದಲಾದ ಮಾತ್ರಕ್ಕೆ ನೀರು ತಣಿಯುವ ಬಗೆ ಬದಲಾಗಲು ಸಾಧ್ಯವೇ? ವ್ಯತ್ಯಾಸಗಳನ್ನು ಹಿಡಿದರೆ ಈ ತೊಂದರೆಯೇ ಇಲ್ಲ. ಕೋಣೆ 78.8 ಫ್ಯಾರನ್‌ಹೀಟ್, ವ್ಯತ್ಯಾಸಗಳು 108 ಮತ್ತು 72, ಅನುಪಾತ ಮತ್ತೆ ಮೂರನೇ ಎರಡೇ.

ಈ ತಪ್ಪು ಹುಟ್ಟುವುದು ಜನಸಂಖ್ಯೆಯ ಲೆಕ್ಕದಿಂದ. ಅಲ್ಲಿ dP/dt = kP, ಕಳೆಯುವಂಥದ್ದು ಏನೂ ಇಲ್ಲ, ಏಕೆಂದರೆ ಜನಸಂಖ್ಯೆಯ ಸೊನ್ನೆ ನಿಜವಾದ ಸೊನ್ನೆ. ಕರ್ನಾಟಕದ ಜನಸಂಖ್ಯೆ 2001ರ ಜನಗಣತಿಯಲ್ಲಿ 5.285 ಕೋಟಿ, 2011ರಲ್ಲಿ 6.110 ಕೋಟಿ. ನೇರವಾಗಿ ಭಾಗಿಸಿ, ln ತೆಗೆದು, 10ರಿಂದ ಭಾಗಿಸಿದರೆ k = 0.0145. ಹತ್ತು ವರ್ಷದ 15.6 ಶೇಕಡಾ ಏರಿಕೆಯನ್ನು 10ರಿಂದ ಭಾಗಿಸಿ 0.0156 ಎಂದು ಬರೆಯಬೇಡಿ. ಪ್ರತಿ ವರ್ಷ ಹೆಚ್ಚಿದ ಜನರೂ ಮುಂದಿನ ಏರಿಕೆಯಲ್ಲಿ ಸೇರುತ್ತಾರೆ. ಸೆಲ್ಸಿಯಸ್ಸಿನ ಸೊನ್ನೆಯಾದರೋ ನೀರು ಹೆಪ್ಪುಗಟ್ಟುವ ಉಷ್ಣತೆ. ಲೋಟದ ನೀರು ಇಳಿಯುತ್ತಿರುವುದು ಅದರ ಕಡೆಗಲ್ಲ, ಕೋಣೆಯ 26ರ ಕಡೆಗೆ.

ಸರಿ, ಕೋಣೆಯ ಉಷ್ಣತೆಯನ್ನೇ ಕೊಡದಿದ್ದರೆ? ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಾದದ್ದು. ಗೊತ್ತಿಲ್ಲದವು ಮೂರಾದವು, ಹಾಗಾಗಿ ಮೂರು ಅಳತೆ ಬೇಕು. ಸಮಾನ ಅಂತರದಲ್ಲಿ ತೆಗೆದುಕೊಂಡರೆ ಲೆಕ್ಕ ಸುಲಭ: ಮೂರು ವ್ಯತ್ಯಾಸಗಳೂ ಒಂದೇ ಅನುಪಾತದಲ್ಲಿ ಇಳಿಯುವುದರಿಂದ, ನಡುವಿನದರ ವರ್ಗ ಉಳಿದೆರಡರ ಗುಣಲಬ್ಧಕ್ಕೆ ಸಮ. ಅದನ್ನು ಬಿಡಿಸಿದರೆ

S = (T₀T₂ − T₁²)/(T₀ + T₂ − 2T₁)

ಇಲ್ಲಿ S ಎಂದರೆ ಕೋಣೆಯ ಉಷ್ಣತೆ. 86, 66, 52.67 ಹಾಕಿದರೆ 26 ಬರುತ್ತದೆ. ಆದರೆ ಥರ್ಮಾಮೀಟರು ಪೂರ್ಣ ಡಿಗ್ರಿಗಳನ್ನಷ್ಟೇ ತೋರಿಸುತ್ತಿದ್ದು, ಕೊನೆಯದನ್ನು 53 ಎಂದು ಓದಿದಿರಿ ಎನ್ನಿ. S ಒಮ್ಮೆಲೇ 28.9ಕ್ಕೆ ಜಿಗಿಯುತ್ತದೆ. ಛೇದ ಬರೀ 7 ಇರುವುದರಿಂದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಹಾಗಾಗಿ ಅಳತೆಗಳ ನಡುವೆ 10ರ ಬದಲು 20 ನಿಮಿಷ ಬಿಡಿ. ಆಗ ಅದೇ ಥರ್ಮಾಮೀಟರು 86, 53, 38 ತೋರಿಸುತ್ತದೆ, ಛೇದ 18 ಆಗುತ್ತದೆ, S 25.5 ಬರುತ್ತದೆ.